ತೆರಿಗೆ ವ್ಯಾಜ್ಯ (ಆದಾಯ ತೆರಿಗೆ)

ಆದಾಯ ತೆರಿಗೆಯ ವ್ಯಾಜ್ಯ ಹುಟ್ಟುವುದು ತೆರಿಗೆ ನಿರ್ಧರಣಾ ಅಧಿಕಾರಿಯ ಆದೇಶದಿಂದ. ವ್ಯಾಪಾರಿಯೊಬ್ಬರ ಬ್ಯಾಂಕ್ ಖಾತೆಗೆ 20 ಲಕ್ಷ ರೂ. ನಗದು ಜಮೆಯಾಗಿದೆ ಎನ್ನೋಣ. ಅದು ಮಾರಾಟದ ಹಣವೆಂಬ ವಿವರಣೆಯನ್ನು ಅಧಿಕಾರಿ ಒಪ್ಪದೆ, ಮೂಲ ತಿಳಿಯದ ಆದಾಯವೆಂದು ಸೇರಿಸಿ ಬೇಡಿಕೆ ನೋಟಿಸ್ ಕಳಿಸುತ್ತಾರೆ. ವ್ಯಾಪಾರಿ 30 ದಿನಗಳೊಳಗೆ ಆಯುಕ್ತರ (ಮೇಲ್ಮನವಿ) ಬಳಿ ಹೋಗಬಹುದು. ಇವರು ಇಲಾಖೆಯವರೇ ಆದರೂ ಆದೇಶವನ್ನು ರದ್ದು ಮಾಡಬಲ್ಲರು, ತೆರಿಗೆಯನ್ನು ಹೆಚ್ಚಿಸಲೂಬಲ್ಲರು. ಮೇಲ್ಮನವಿ ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲದು, ತಡೆಯನ್ನು ಬೇರೆಯಾಗಿ ಕೋರಬೇಕು.

ಆಯುಕ್ತರು 12 ಲಕ್ಷಕ್ಕೆ ಲೆಕ್ಕ ಸಿಕ್ಕಿತೆಂದು ಒಪ್ಪಿದರೆ, ಉಳಿದ 8 ಲಕ್ಷಕ್ಕಾಗಿ ವ್ಯಾಪಾರಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಮೊರೆ ಹೋಗುತ್ತಾರೆ. 1941ರಲ್ಲಿ ಸ್ಥಾಪನೆಯಾದ ಈ ಮಂಡಳಿಯ ಪೀಠದಲ್ಲಿ ಸಾಮಾನ್ಯವಾಗಿ ಒಬ್ಬ ನ್ಯಾಯಿಕ ಸದಸ್ಯ, ಒಬ್ಬ ಲೆಕ್ಕ ಸದಸ್ಯ ಇರುತ್ತಾರೆ. ಇಡೀ ವ್ಯವಸ್ಥೆಯಲ್ಲಿ ನಿರ್ಣಾಯಕ ಹಂತ ಇದೇ, ಏಕೆಂದರೆ ಸಂಗತಿಗಳ ಬಗ್ಗೆ ಕೊನೆಯ ಮಾತು ಮಂಡಳಿಯದು. ಮಾರಾಟದ ರಸೀದಿಗಳು ನಂಬಲರ್ಹವೇ ಎಂಬ ಪ್ರಶ್ನೆ ಇಲ್ಲಿಗೇ ಮುಗಿಯುತ್ತದೆ.

ಮಂಡಳಿಯ ನಂತರದ ಹಂತವಾದ ಹೈಕೋರ್ಟ್ ಕೇಳುವುದು ಕಾನೂನಿನ ಗಣನೀಯ ಪ್ರಶ್ನೆಯನ್ನು ಮಾತ್ರ. ಪುರಾವೆಯೇ ಇಲ್ಲದೆ ಅಥವಾ ಮುಖ್ಯ ಪುರಾವೆಯನ್ನು ಕಡೆಗಣಿಸಿ ತೀರ್ಮಾನಿಸಿದ್ದರೆ ಅದೂ ಕಾನೂನಿನ ಪ್ರಶ್ನೆಯಾಗುತ್ತದೆ. ಅಲ್ಲಿಂದ ಸುಪ್ರೀಂ ಕೋರ್ಟ್‌ಗೆ ತಲುಪುವ ಪ್ರಕರಣಗಳು ವಿರಳ.

ಕೆಳಹಂತದಲ್ಲಿ ಕೊಡದ ದಾಖಲೆಯನ್ನು ಮೇಲೆ ಒಪ್ಪಿಸಲು ಸಕಾರಣ ತೋರಿಸಬೇಕು. ಆದ್ದರಿಂದ ರಸೀದಿ, ದಾಸ್ತಾನು ಪುಸ್ತಕಗಳನ್ನು ಮೊದಲ ಅಧಿಕಾರಿಯ ಮುಂದೆಯೇ ಹಾಜರುಪಡಿಸಿ, ಸ್ವೀಕೃತಿ ಪಡೆದಿಡಬೇಕು.