ಮಸುಕಾದ ಫಾರ್ವರ್ಡ್ ಫೋಟೋ ಮತ್ತೆ ಮೊದಲಿನಂತಾಗುವುದೇ? 16 ಅಂಕಿಗಳ ಲೆಕ್ಕ

ಸವಣೂರಿನ ದೊಡ್ಡಹುಣಸೆ ಮರದ ಫೋಟೋವೊಂದು ಶಿಗ್ಗಾವಿ, ಹಾನಗಲ್, ಹಿರೇಕೆರೂರಿನ ಗ್ರೂಪ್‌ಗಳನ್ನೆಲ್ಲ ಸುತ್ತಿ ಬರುವಷ್ಟರಲ್ಲಿ ಮಸುಕಾಗಿರುತ್ತದೆ ಎಂದುಕೊಳ್ಳಿ. ‘ಈ ಆ್ಯಪ್ ಹಾಕಿಕೊಂಡರೆ ಮೂಲ ಫೋಟೋ ವಾಪಸ್ ಬರುತ್ತದೆ’ ಎನ್ನುವವರಿದ್ದಾರೆ. ಇದು ನಿಜವೇ? ಪೆನ್ನು, ಕಾಗದ ಹಿಡಿದು ನಾವೇ ಲೆಕ್ಕ ಹಾಕಿ ನೋಡೋಣ.

ಫೋಟೋ ಎಂದರೆ ಅಂಕಿಗಳ ಚೌಕಳಿ. ಕಪ್ಪು 0, ಬಿಳುಪು 255. ಬಿಳಿ ಆಕಾಶ 200, ಕಾಂಡ 80 ಎಂದಿಟ್ಟುಕೊಂಡು, ಕಾಂಡದ ಅಂಚಿನ ಒಂದು ತುಣುಕನ್ನು ಉದಾಹರಣೆಗಾಗಿ ಹೀಗೆ ಬರೆದಿದ್ದೇವೆ:

```
200 200 200  80
200 200 200  80
200 192 200  80
200 200 200  80
```

ಮೊದಲು ಪ್ರತಿ ಸಾಲಿನಲ್ಲಿ ಎರಡೆರಡು ಅಂಕಿಗಳನ್ನು ಜೋಡಿ ಮಾಡಿ. ಜೋಡಿಯ ಸರಾಸರಿಯನ್ನು ಎಡಕ್ಕೆ, ವ್ಯತ್ಯಾಸದ ಅರ್ಧವನ್ನು ಬಲಕ್ಕೆ ಬರೆಯಿರಿ. 200 ಮತ್ತು 80ರ ಸರಾಸರಿ 140, ಅರ್ಧ ವ್ಯತ್ಯಾಸ 60.

```
200 140 |  0  60
200 140 |  0  60
196 140 |  4  60
200 140 |  0  60
```

ಈಗ ಇದನ್ನೇ ಮೇಲಿಂದ ಕೆಳಕ್ಕೆ, ಎರಡೆರಡು ಸಾಲುಗಳ ನಡುವೆ ಮಾಡಿ. ಸರಾಸರಿ ಮೇಲೆ, ಅರ್ಧ ವ್ಯತ್ಯಾಸ ಕೆಳಗೆ.

```
200 140 |  0  60
198 140 |  2  60
-----------------
  0   0 |  0   0
 -2   0 |  2   0
```

ನಾಲ್ಕು ಭಾಗಗಳು ಸಿಕ್ಕವು. ಮೇಲಿನ ಎಡಭಾಗ ಅದೇ ಚಿತ್ರದ ಕಿರುರೂಪ. ಮೇಲಿನ ಬಲಭಾಗದಲ್ಲಿ ನೆಟ್ಟಗೆ ನಿಂತ ಅಂಚುಗಳು, ಕೆಳಗಿನ ಎಡಭಾಗದಲ್ಲಿ ಅಡ್ಡ ಅಂಚುಗಳು, ಉಳಿದದ್ದರಲ್ಲಿ ಓರೆ ಬದಲಾವಣೆಗಳು. ಲೆಕ್ಕ ತಪ್ಪಿದೆಯೇ ಎಂದು ನೋಡಲು ಒಂದು ಪರೀಕ್ಷೆ ಇದೆ: ಮೂಲದ 16 ಅಂಕಿಗಳ ಸರಾಸರಿ 169.5, ಕಿರುರೂಪದ ನಾಲ್ಕು ಅಂಕಿಗಳ ಸರಾಸರಿಯೂ ಅಷ್ಟೇ ಬರಬೇಕು.

ಇಲ್ಲಿಯವರೆಗೆ ಏನೂ ಕಳೆದಿಲ್ಲ. 140ಕ್ಕೆ 60 ಕೂಡಿದರೆ 200, ಕಳೆದರೆ 80. ಹಾಗೆಯೇ ಹಿಂದಕ್ಕೆ ಹೋದರೆ 192 ಕೂಡ ಸರಿಯಾಗಿ ಸಿಗುತ್ತದೆ: 198-2-2-2.

ನಷ್ಟವಾಗುವುದು ವ್ಯತ್ಯಾಸಗಳನ್ನು ಎಸೆದಾಗ. ಮೂರು ಚಿಕ್ಕ 2ಗಳನ್ನು ಸೊನ್ನೆ ಮಾಡಿದರೆ ಆ ಮೂಲೆಯ ನಾಲ್ಕೂ ಚುಕ್ಕೆ 198 ಆಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಉಳಿಸಬೇಕಾದ ಅಂಕಿಗಳೂ ಕಡಿಮೆ. ಆದರೆ 60ಗಳನ್ನೂ ಎಸೆದರೆ ಆಕಾಶ, ಕಾಂಡ ಎರಡೂ 140. ಅಂಚೇ ಮಾಯ! ಉಳಿದ 140 ಮೊದಲು 200-80 ಆಗಿತ್ತೋ, 170-110 ಆಗಿತ್ತೋ ಯಾರೂ ಹೇಳಲಾರರು.

ಈ ವಿಧಾನಕ್ಕೆ ಹಂಗೇರಿಯ ಗಣಿತಜ್ಞ ಆಲ್‌ಫ್ರೆಡ್ ಹಾರ್ ಹೆಸರಿನಿಂದ ‘ಹಾರ್ ವೇವ್ಲೆಟ್’ ಎನ್ನುತ್ತಾರೆ. ಇದರ ಸುಧಾರಿತ ಬಂಧುಗಳು JPEG 2000 ಚಿತ್ರಗಳಲ್ಲಿವೆ. ಫೋನಿನ ಸಾಮಾನ್ಯ .jpg ಫೋಟೋ ಬೇರೆ ಲೆಕ್ಕ ಬಳಸುತ್ತದೆ. ಆದರೆ ಸೂಕ್ಷ್ಮ ವಿವರ ಎಸೆದು ಜಾಗ ಉಳಿಸುವುದು ಅಲ್ಲಿಯೂ ಇದೆ.

ಹಾಗಾಗಿ ಆ ಮಾತು ಸುಳ್ಳು. ಆ್ಯಪ್ ಅಂಚನ್ನು ಊಹಿಸಿ ಬರೆಯಬಹುದು, ಕಳೆದುಹೋದ 60 ಅನ್ನು ಹುಡುಕಿ ತರಲಾರದು. ಮೂಲ ಫೋಟೋ ಬೇಕಿದ್ದರೆ ತೆಗೆದವರಿಂದಲೇ, ‘ಡಾಕ್ಯುಮೆಂಟ್’ ಆಗಿ ತರಿಸಿಕೊಳ್ಳಿ.