ಸಾಲದ ಕರಾರುಗಳ ಮಾಹಿತಿ ನಮೂನೆ ಮತ್ತು ಮಾದರಿ ಪರಿಶೀಲನೆ

ಒಂದೇ ಬಗೆಯ ನೂರಾರು ಸಾಲದ ಕರಾರುಗಳನ್ನು ಓದಿ, ಪ್ರತಿಯೊಂದಕ್ಕೂ ಅವೇ ಪ್ರಶ್ನೆಗಳನ್ನು ಹಾಕಿ, ಉತ್ತರಗಳನ್ನು ಒಂದೇ ಕ್ರಮದಲ್ಲಿ ಬರೆದಿಡಲು ಮೊದಲೇ ಗೊತ್ತುಮಾಡಿಕೊಂಡ ಪಟ್ಟಿಯೇ ಮಾಹಿತಿ ನಮೂನೆ. ಒಂದು ಕರಾರಿಗೆ ಒಂದು ಸಾಲು, ಒಂದು ಪ್ರಶ್ನೆಗೆ ಒಂದು ಕಾಲಂ. ಸಾಲಗಳನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಾಗ, ಲೆಕ್ಕಪರಿಶೋಧನೆಯಲ್ಲಿ, ಇಲ್ಲವೇ ನಿಯಮ ಬದಲಾಗಿ ಹಳೆಯ ಕರಾರುಗಳನ್ನೆಲ್ಲ ಮತ್ತೆ ತಿರುವಿ ಹಾಕಬೇಕಾದಾಗ ಇದು ಬೇಕಾಗುತ್ತದೆ.

ಭಾರತದಲ್ಲಿ ಅಂಥ ಸಂದರ್ಭ ಈಚೆಗೆ ಬಂದದ್ದು ದಂಡಬಡ್ಡಿಯ ವಿಚಾರದಲ್ಲಿ. ಕಂತು ತಪ್ಪಿದರೆ ಬಡ್ಡಿದರದ ಮೇಲೆ ಇನ್ನಷ್ಟು ಬಡ್ಡಿ ಹೇರುವ ಪದ್ಧತಿಯನ್ನು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 18ರ ಸುತ್ತೋಲೆಯಲ್ಲಿ ನಿಲ್ಲಿಸಿತು. ದಂಡವನ್ನು ಶುಲ್ಕವಾಗಿ ಮಾತ್ರ ವಿಧಿಸಬಹುದು, ಆ ಶುಲ್ಕದ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ ಎಂದು ಹೇಳಿತು. ಗಡುವು ಒಮ್ಮೆ ಮುಂದಕ್ಕೆ ಹೋಗಿ, ಹೊಸ ಸಾಲಗಳಿಗೆ 2024ರ ಏಪ್ರಿಲ್ 1ರಿಂದ ಇದು ಜಾರಿಯಾಯಿತು. ಹಳೆಯ ಸಾಲಗಳನ್ನು ಅದೇ ವರ್ಷದ ಜೂನ್ 30ರೊಳಗೆ ಹೊಸ ಪದ್ಧತಿಗೆ ತರಬೇಕಾಯಿತು. ಹಾಗೆ ತರಬೇಕಾದರೆ ಯಾವ ಕರಾರಿನಲ್ಲಿ ದಂಡ ಎಷ್ಟು, ಯಾವ ಮೊತ್ತದ ಮೇಲೆ, ಯಾವ ಅವಧಿಗೆ ಎಂದು ಮೊದಲು ತಿಳಿಯಬೇಕು. ಈ ಲೇಖನದ ಉದಾಹರಣೆ ಇದೇ ಕೆಲಸದ್ದು. ವಿಷಯ ಸ್ಪಷ್ಟವಾಗಲೆಂದು 600 ಕರಾರುಗಳಿರುವ ಒಂದು ಕಾಲ್ಪನಿಕ ಕಡತವನ್ನು ತೆಗೆದುಕೊಂಡಿದೆ.

ನಮೂನೆ ರೂಪಿಸುವುದು

ನಮೂನೆಯನ್ನು ಮೇಜಿನ ಮುಂದೆ ಕೂತು ಊಹೆಯಿಂದ ಬರೆದರೆ ಕೆಡುತ್ತದೆ. ಮೊದಲು ಬೇರೆ ಬೇರೆ ವರ್ಷದ, ಬೇರೆ ಬೇರೆ ಶಾಖೆಯ ಹದಿನೈದು ಇಪ್ಪತ್ತು ಕರಾರುಗಳನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಬೇಕು. ‘ಎಲ್ಲವೂ ಒಂದೇ’ ಎಂದು ಕೈಗೆ ಬಂದ ಕಡತದಲ್ಲಿ ಎರಡು ಮೂರು ಅಚ್ಚುಗಳು ಬೆರೆತಿರುವುದು ಆಗಲೇ ಗೊತ್ತಾಗುವುದು. ನಮ್ಮ ಉದಾಹರಣೆಯಲ್ಲಿ ಮೂರು ಅಚ್ಚುಗಳಿವೆ ಎನ್ನೋಣ: ‘ಅ’ ಅಚ್ಚಿನವು 420, ‘ಆ’ ಅಚ್ಚಿನವು 130, ‘ಇ’ ಅಚ್ಚಿನವು 50. ಯಾವ ಅಚ್ಚು ಎಂಬುದೇ ನಮೂನೆಯ ಮೊದಲ ಕಾಲಂ ಆಗಬೇಕು. ಅದು ಮುಂದೆ ಎಷ್ಟು ಉಪಯೋಗಕ್ಕೆ ಬರುತ್ತದೆಂಬುದು ಪರಿಶೀಲನೆಯ ಹೊತ್ತಿಗೆ ಕಾಣುತ್ತದೆ.

ಕಾಲಂಗಳು ಕಡಿಮೆಯಿದ್ದಷ್ಟೂ ಒಳ್ಳೆಯದು. ‘ಇರಲಿ, ಮುಂದೆ ಬೇಕಾಗಬಹುದು’ ಎಂದು ಸೇರಿಸಿದ ಕಾಲಂ ಓದುವವನ ಗಮನವನ್ನು ಮುಖ್ಯ ಪ್ರಶ್ನೆಯಿಂದ ಕದಿಯುತ್ತದೆ. ಇಲ್ಲಿ ಹನ್ನೆರಡು ಸಾಕು. ಆದರೆ ಪ್ರತಿ ಕಾಲಮ್ಮಿಗೂ ಏನು ಬರೆಯಬೇಕು, ಎಲ್ಲಿಂದ ತೆಗೆಯಬೇಕು ಎಂಬ ವಿವರಣೆ ಬೇಕು. ಬರೀ ‘ದಿನಾಂಕ’ ಎಂದರೆ ಸಾಲದು. ಸಾಲದ ಕಡತದಲ್ಲಿ ಸ್ಟಾಂಪ್ ಪೇಪರ್ ಕೊಂಡ ದಿನ, ಮಂಜೂರಾತಿ ಪತ್ರದ ದಿನ, ಕರಾರಿಗೆ ಸಹಿಯಾದ ದಿನ, ಹಣ ಕೈಗೆ ಬಂದ ದಿನ ಎಂದು ನಾಲ್ಕಾದರೂ ಇರುತ್ತವೆ. ಇಬ್ಬರು ಓದುಗರು ಎರಡು ದಿನಾಂಕ ಬರೆದಾಗ ಇಬ್ಬರದೂ ತಪ್ಪಲ್ಲ, ತಪ್ಪು ನಮೂನೆಯದು.

ದಂಡದ ವಿಷಯವಂತೂ ಒಂದು ಕಾಲಮ್ಮಿಗೆ ಹಿಡಿಸುವುದೇ ಇಲ್ಲ. ಅದನ್ನು ನಾಲ್ಕಾಗಿ ಒಡೆಯಬೇಕು: ದರ ಎಷ್ಟು, ಅದು ತಿಂಗಳಿಗೋ ವರ್ಷಕ್ಕೋ, ಬಾಕಿಬಿದ್ದ ಕಂತಿನ ಮೇಲೋ ಉಳಿದ ಇಡೀ ಸಾಲದ ಮೇಲೋ, ಮತ್ತು ಕರಾರಿನ ವಾಕ್ಯ ಇದ್ದುದು ಇದ್ದಹಾಗೆ, ಪುಟಸಂಖ್ಯೆಯ ಜೊತೆಗೆ. ಕೊನೆಯದನ್ನು ಅನೇಕರು ವ್ಯರ್ಥ ಕೆಲಸವೆಂದು ಬಿಡುತ್ತಾರೆ. ಮೂಲ ವಾಕ್ಯ ಪಕ್ಕದಲ್ಲೇ ಇದ್ದರೆ ಪರಿಶೀಲಿಸುವವರು ನಿಮಿಷದಲ್ಲಿ ತೀರ್ಮಾನಿಸಬಹುದು. ಇಲ್ಲದಿದ್ದರೆ ಮೂವತ್ತು ಪುಟದ ಕರಾರನ್ನು ಮತ್ತೆ ತೆರೆಯಬೇಕು. ಪುಟಸಂಖ್ಯೆಯೆಂದರೆ ಸ್ಕ್ಯಾನ್ ಪ್ರತಿಯದೋ ಅಚ್ಚಾದದ್ದೋ ಎಂಬುದನ್ನೂ ಹೇಳಿಡಬೇಕು. ಕರಾರಿನ ಮೊದಲಿಗೆ ಇ-ಸ್ಟಾಂಪ್ ಹಾಳೆ ಸೇರಿಕೊಂಡರೆ ಎರಡಕ್ಕೂ ತಾಳೆಯಾಗುವುದಿಲ್ಲ.

ಎರಡು ಕಡೆ ಎರಡು ಮಾತಿದ್ದರೆ ಯಾವುದನ್ನು ಹಿಡಿಯಬೇಕು ಎಂಬ ನಿಯಮವೂ ನಮೂನೆಯ ಭಾಗವೇ. ಸಾಲದ ಕರಾರಿನ ಒಡಲು ಸಾಮಾನ್ಯವಾಗಿ ಅಚ್ಚಾದದ್ದು. ಮೊತ್ತ, ದರ, ಅವಧಿ ಮುಂತಾದವು ಕೊನೆಯ ಅನುಸೂಚಿಯಲ್ಲಿ ತುಂಬಿದವು. ಒಡಲು ‘ಅನುಸೂಚಿಯಲ್ಲಿ ಹೇಳಿದಂತೆ’ ಎನ್ನುತ್ತದೆ, ಅನುಸೂಚಿಯಲ್ಲಿ ನೋಡಿದರೆ ‘ನಿಯಮದ ಪ್ರಕಾರ’ ಎಂದಿರುತ್ತದೆ. ಮಧ್ಯೆ ಒಂದು ಪೂರಕ ಕರಾರು ಬಂದು ಎರಡನ್ನೂ ಬದಲಿಸಿರುತ್ತದೆ. ಯಾವುದಕ್ಕೆ ಪ್ರಾಶಸ್ತ್ಯ ಎಂದು ಕರಾರೇ ಹೇಳಿದ್ದರೆ ಅದರಂತೆ ನಡೆಯಬೇಕು. ಹೇಳದಿದ್ದರೆ ಎರಡನ್ನೂ ಬರೆದು ವಕೀಲರಿಗೆ ಕಳಿಸಬೇಕು. ಮಾಹಿತಿ ತೆಗೆಯುವವರು ಅರ್ಥ ನಿರ್ಣಯಿಸಲು ಕೂರಬಾರದು.

ಖಾಲಿ ಚೌಕದ ವಿಷಯದಲ್ಲಿ ಎಷ್ಟು ಬಿಗಿಯಾಗಿದ್ದರೂ ಹೆಚ್ಚಲ್ಲ. ಜಾಮೀನುದಾರರ ಹೆಸರಿನ ಜಾಗ ಬರಿದಾಗಿದ್ದರೆ ಜಾಮೀನು ಇಲ್ಲವೆಂದು ಅರ್ಥವೇ, ಜಾಗವಿದ್ದೂ ಯಾರೂ ತುಂಬಲಿಲ್ಲವೇ, ಸ್ಕ್ಯಾನ್ ಮಸುಕಾಗಿ ಓದಲಾಗಲಿಲ್ಲವೇ? ‘ಇಲ್ಲ’, ‘ತುಂಬಿಲ್ಲ’, ‘ಓದಲಾಗದು’ ಎಂಬ ಮೂರು ಉತ್ತರಗಳನ್ನು ಗೊತ್ತುಮಾಡಿ, ಚೌಕವನ್ನು ಸುಮ್ಮನೆ ಬರಿದಾಗಿ ಬಿಡುವುದನ್ನೇ ನಿಷೇಧಿಸಬೇಕು.

ಲೆಕ್ಕದಿಂದ ಹಿಡಿಯಬಹುದಾದ ತಪ್ಪುಗಳು

ಮಾದರಿ ತೆಗೆಯುವ ಮೊದಲು 600 ಸಾಲುಗಳ ಮೇಲೂ ಓಡಿಸಬಹುದಾದ ಒಂದು ಪರೀಕ್ಷೆಯಿದೆ. ಸಮ ಮಾಸಿಕ ಕಂತಿನ ಸಾಲದಲ್ಲಿ ಅಸಲು, ದರ, ತಿಂಗಳುಗಳ ಸಂಖ್ಯೆ ಗೊತ್ತಿದ್ದರೆ ಕಂತು ತಾನಾಗಿಯೇ ಬರಬೇಕು. 20 ಲಕ್ಷ ರೂಪಾಯಿ, ವರ್ಷಕ್ಕೆ 9%, 240 ತಿಂಗಳು ಎಂದು ಬರೆದಿದ್ದರೆ ಎಕ್ಸೆಲ್‌ನಲ್ಲಿ ಹೀಗೆ ಟೈಪ್ ಮಾಡಿದರಾಯಿತು:

```
=PMT(9%/12,240,-2000000)
```

ಉತ್ತರ ಸುಮಾರು 17,995 ರೂಪಾಯಿ. ಕರಾರಿನಿಂದ ತೆಗೆದು ಬರೆದ ಕಂತು 19,100 ದಾಟಿದ್ದರೆ ಯಾರೋ 9.9ನ್ನು 9 ಎಂದು ಓದಿರುವ ಸಾಧ್ಯತೆ ಹೆಚ್ಚು. ಕೈಬರಹದ 1 ಮತ್ತು 7ರ ಗೊಂದಲವೂ ಇಲ್ಲೇ ಸಿಕ್ಕಿಬೀಳುತ್ತದೆ. ಆದರೆ ದಂಡದ ದರ, ಜಾಮೀನು, ಅವಧಿಗೆ ಮೊದಲೇ ಸಾಲ ತೀರಿಸಿದರೆ ಬೀಳುವ ಶುಲ್ಕ ಇವಕ್ಕೆ ಇಂಥ ಲೆಕ್ಕದ ಆಧಾರವಿಲ್ಲ. ಅವುಗಳಿಗಾಗಿಯೇ ಮಾದರಿ ಬೇಕು.

ಮಾದರಿಯ ಮೇಲೆ ಪರಿಶೀಲನೆ

ಮಾದರಿಯನ್ನು ಕಟ್ಟಿನ ಮೇಲಿಂದ ಎತ್ತಿಕೊಳ್ಳಬಾರದು. ಮೇಲಿರುವವು ಹೆಚ್ಚಾಗಿ ಒಂದೇ ಶಾಖೆಯವು. ಪಟ್ಟಿಯಿಂದ ಯಾದೃಚ್ಛಿಕವಾಗಿ ಆರಿಸಬೇಕು, ಅದೂ ಅಚ್ಚುವಾರು ಬೇರೆ ಬೇರೆಯಾಗಿ. ನಮೂನೆ ರೂಪಿಸುವಾಗ ಓದಿದ ಇಪ್ಪತ್ತು ಕರಾರುಗಳನ್ನು ಇದರಿಂದ ಹೊರಗಿಡಬೇಕು. ನಮೂನೆ ಹುಟ್ಟಿದ್ದೇ ಅವುಗಳಿಂದಾದ್ದರಿಂದ ಅಲ್ಲಿ ಅದು ಸರಿಯಾಗಿ ಕೂತೇ ಕೂರುತ್ತದೆ. 600ರಲ್ಲಿ 60 ತೆಗೆಯಬೇಕೆಂದು ಪ್ರಮಾಣಕ್ಕೆ ತಕ್ಕಂತೆ ಹಂಚಿದರೆ ‘ಇ’ ಅಚ್ಚಿಗೆ ಐದೇ ಸಿಗುತ್ತವೆ, ಅಷ್ಟರಿಂದ ಏನೂ ಹೇಳಲಾಗದು. ಆದ್ದರಿಂದ ‘ಅ’ದಿಂದ 25, ‘ಆ’ದಿಂದ 20, ‘ಇ’ಯಿಂದ 15 ಎಂದು ತೆಗೆದುಕೊಂಡೆವೆನ್ನೋಣ.

ಪರಿಶೀಲಿಸುವವರಿಗೆ ಮೊದಲು ಬರೆದ ಉತ್ತರವನ್ನು ತೋರಿಸಬಾರದು. ಎದುರಿಗೆ ‘2%’ ಎಂದು ಕಂಡರೆ ಕಣ್ಣು ಕರಾರಿನಲ್ಲಿ 2% ಅನ್ನೇ ಹುಡುಕಿ ಸಮಾಧಾನಗೊಳ್ಳುತ್ತದೆ. ಅವರು ಖಾಲಿ ನಮೂನೆಯನ್ನು ಹೊಸದಾಗಿ ತುಂಬಲಿ. ಎರಡು ಉತ್ತರ ಹೊಂದದ ಕಡೆ ಮೂರನೆಯವರು ಕರಾರನ್ನು ತೆರೆದು ತೀರ್ಮಾನಿಸಲಿ.

ಈ 60 ಕರಾರುಗಳಲ್ಲಿ ಹನ್ನೆರಡು ಕಾಲಂ ಎಂದರೆ 720 ಉತ್ತರಗಳು. ಅವುಗಳಲ್ಲಿ 18 ತಪ್ಪು ಕಂಡವು ಎಂದಿಟ್ಟುಕೊಳ್ಳಿ. 97.5% ಸರಿ, ಸಂತೋಷಪಡಬೇಕಾದ ಅಂಕಿಯೇ. ಕಾಲಂವಾರು ಬಿಡಿಸಿ ನೋಡಿದಾಗ ಆ 18ರಲ್ಲಿ 11 ‘ದಂಡ ತಿಂಗಳಿಗೋ ವರ್ಷಕ್ಕೋ’ ಎಂಬ ಒಂದೇ ಕಾಲಮ್ಮಿನಲ್ಲಿವೆ. ಇಡೀ ಕೆಲಸ ನಡೆದದ್ದೇ ಆ ಕಾಲಮ್ಮಿಗಾಗಿ! ಅಚ್ಚುವಾರು ನೋಡಿದರೆ ‘ಅ’ದಲ್ಲಿ 1, ‘ಆ’ದಲ್ಲಿ 1, ‘ಇ’ಯ 15ರಲ್ಲಿ 9.

ಕಾರಣ ಹುಡುಕಿದಾಗ ಸಿಕ್ಕಿದ್ದು ಇಷ್ಟು: ‘ಇ’ ಅಚ್ಚಿನ ಅನುಸೂಚಿಯಲ್ಲಿ ‘ತಡಪಾವತಿ: 2%’ ಎಂದಷ್ಟೇ ಇದೆ, ಅದು ‘ಪ್ರತಿ ತಿಂಗಳಿಗೆ’ ಎಂಬ ಮಾತು ಒಡಲಿನ ಷರತ್ತಿನಲ್ಲಿ ಎಲ್ಲೋ ಹಿಂದಿದೆ. ಅನುಸೂಚಿಯನ್ನು ಮಾತ್ರ ನೋಡಿದವರು, ಉಳಿದ ದರಗಳೆಲ್ಲ ವಾರ್ಷಿಕವಾದ್ದರಿಂದ, ಇದನ್ನೂ ವಾರ್ಷಿಕ ಎಂದು ಬರೆದರು. 18,000 ರೂಪಾಯಿಯ ಕಂತು ಒಂದು ತಿಂಗಳು ತಡವಾದರೆ ತಿಂಗಳಿಗೆ 2%ರಂತೆ ದಂಡ 360 ರೂಪಾಯಿ, ವರ್ಷಕ್ಕೆ 2%ರಂತೆ 30 ರೂಪಾಯಿ.

ಈಗ ಇಡೀ ಕಡತಕ್ಕೆ ಅಂದಾಜು ಮಾಡುವಾಗ 60ಕ್ಕೆ 11 ಎಂದು 18% ಅನ್ನುವಂತಿಲ್ಲ, ಏಕೆಂದರೆ ‘ಇ’ಯಿಂದ ಬೇಕೆಂದೇ ಹೆಚ್ಚು ತೆಗೆದಿದ್ದೇವೆ. ‘ಅ’ದಲ್ಲಿ 25ಕ್ಕೆ 1ರಂತೆ 420ಕ್ಕೆ ಸುಮಾರು 17, ‘ಆ’ದಲ್ಲಿ 20ಕ್ಕೆ 1ರಂತೆ 130ಕ್ಕೆ ಆರೇಳು, ‘ಇ’ಯಲ್ಲಿ 15ಕ್ಕೆ 9ರಂತೆ 50ಕ್ಕೆ 30. ಒಟ್ಟು ಸುಮಾರು 53, ಅಂದರೆ 9% ಹತ್ತಿರ. ಆ 53ರಲ್ಲಿ 30 ಒಂದೇ ಕಟ್ಟಿನಲ್ಲಿವೆ ಎಂಬುದು ಶೇಕಡಾವಾರಿಗಿಂತ ಉಪಯುಕ್ತವಾದ ಸುದ್ದಿ. ನಮೂನೆಯಲ್ಲಿ ‘ಅವಧಿಯನ್ನು ಒಡಲಿನ ಷರತ್ತಿನಿಂದ ತೆಗೆಯಬೇಕು’ ಎಂದು ಸೇರಿಸಿ, ‘ಇ’ ಅಚ್ಚಿನ 50ನ್ನೂ ಮತ್ತೆ ಓದಿಸಿದರೆ ಆ 30ಕ್ಕೆ ಪರಿಹಾರವಾಯಿತು.

ತಿದ್ದಿದ ಮೇಲೆ ಪರೀಕ್ಷೆಯನ್ನು ಹೊಸ ಮಾದರಿಯ ಮೇಲೆ ನಡೆಸಬೇಕು. ಹಳೆಯ 60ರ ಮೇಲೆಯೇ ನಡೆಸಿ ‘ಈಗ ತಪ್ಪಿಲ್ಲ’ ಎನ್ನುವುದಕ್ಕೆ ಬೆಲೆಯಿಲ್ಲ. ಹೊಸ ಮಾದರಿಯಲ್ಲಿ ತಪ್ಪೇ ಕಾಣದಿದ್ದರೂ ಕಡತದಲ್ಲಿ ತಪ್ಪಿಲ್ಲವೆಂದಾಗದು. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೊಂದು ಸುಲಭ ಅಳತೆಯಿದೆ: ಇಡೀ ಕಡತದಿಂದ ಅಚ್ಚು ನೋಡದೆ ತೆಗೆದ ಯಾದೃಚ್ಛಿಕ ಮಾದರಿಯಲ್ಲಿ ಒಂದೂ ತಪ್ಪು ಸಿಗದಿದ್ದರೆ 3ನ್ನು ಮಾದರಿಯ ಸಂಖ್ಯೆಯಿಂದ ಭಾಗಿಸಬೇಕು, 95% ವಿಶ್ವಾಸದೊಂದಿಗೆ ತಪ್ಪಿನ ಪ್ರಮಾಣ ಅದಕ್ಕಿಂತ ಹೆಚ್ಚಿಲ್ಲ ಎನ್ನಬಹುದು. 60 ನೋಡಿ ಒಂದೂ ತಪ್ಪಿಲ್ಲದಿದ್ದರೆ 5%, ಎಂದರೆ 600ರಲ್ಲಿ 30ರವರೆಗೆ ತಪ್ಪು ಅಡಗಿರಬಹುದು. 1%ಗಿಂತ ಕಡಿಮೆ ಎಂದು ಹೇಳಿಕೊಳ್ಳಬೇಕಾದರೆ ಈ ಅಳತೆಯಂತೆ 300 ನೋಡಬೇಕು. ಅದು ಅರ್ಧ ಕಡತವಾದ್ದರಿಂದ, ಅಷ್ಟು ಮುಖ್ಯವಾದ ಕಾಲಂ ಆಗಿದ್ದರೆ ಅದೊಂದನ್ನು ಪೂರ್ತಿ ಎರಡು ಸಲ ಓದಿಸುವುದೇ ಮೇಲು.

ವಿರಳವಾದ ಸಂಗತಿಗಳಿಗೆ ಇನ್ನೊಂದು ಎಚ್ಚರ ಬೇಕು. 600ರಲ್ಲಿ 30 ಕರಾರುಗಳಿಗೆ ಮಾತ್ರ ಜಾಮೀನುದಾರರಿದ್ದರೆ, ಕರಾರನ್ನೇ ತೆರೆಯದೆ ಎಲ್ಲಕ್ಕೂ ‘ಇಲ್ಲ’ ಎಂದು ಬರೆದವರಿಗೂ 95% ಅಂಕ ಸಿಗುತ್ತದೆ. ಇಂಥ ಕಾಲಂಗಳಲ್ಲಿ ‘ಇದೆ’ ಎಂದು ಬರೆದವನ್ನೆಲ್ಲ ನೋಡಿ, ‘ಇಲ್ಲ’ ಎಂದವುಗಳಿಂದ ಬೇರೆ ಮಾದರಿ ತೆಗೆದು ಎಷ್ಟು ಕೈತಪ್ಪಿವೆ ಎಂದು ಹುಡುಕಬೇಕು.

ಮಿತಿ

ಪರಿಶೀಲನೆಯ ಫಲಿತಾಂಶವನ್ನು ಕಾಲಂವಾರು, ಅಚ್ಚುವಾರು, ಮಾದರಿಯ ಗಾತ್ರದೊಡನೆ ಕೋಷ್ಟಕದ ಜೊತೆಯಲ್ಲೇ ಇಡುವುದು ವಾಡಿಕೆಯಾಗಬೇಕು; ಒಂದೇ ಸರಾಸರಿ ಅಂಕಿ ಕೊಟ್ಟ ವರದಿಯನ್ನು ಒಪ್ಪಿಕೊಳ್ಳದಿರುವುದು ಲೇಸು. ಎಷ್ಟೇ ನಿಖರವಾದರೂ ಈ ಕೋಷ್ಟಕ ಹೇಳುವುದು ಕರಾರಿನಲ್ಲಿ ಏನು ಬರೆದಿದೆ ಎಂಬುದನ್ನು ಮಾತ್ರ. ಸಾಲಗಾರರಿಂದ ನಿಜವಾಗಿ ಎಷ್ಟು ದಂಡ ವಸೂಲಾಗಿದೆ ಎಂಬುದು ಸಾಲದ ಖಾತೆಯಲ್ಲಿರುತ್ತದೆ. ಅದನ್ನು ಬೇರೆಯಾಗಿ ತಾಳೆ ನೋಡಬೇಕು.