ಹೋದ ದಾರಿಯಲ್ಲೇ ಮರಳಬೇಕಿಲ್ಲ: ಓಪನ್ ಜಾ ಟಿಕೆಟ್ ಬೆಳೆದು ಬಂದ ಬಗೆ

ವಿಯೆಟ್ನಾಂ ಉದ್ದುದ್ದ ಚಾಚಿಕೊಂಡ ದೇಶ. ಉತ್ತರದ ಹನೋಯ್‌ನಿಂದ ದಕ್ಷಿಣದ ಹೋ ಚಿ ಮಿನ್ ಸಿಟಿಗೆ, ಅಂದರೆ ಹಳೆಯ ಸೈಗಾನಿಗೆ, ರೈಲು ಹಳಿ 1,726 ಕಿ.ಮೀ. ಇದೆ. ದಾರಿಯಲ್ಲಿ ಹ್ಯುಯೆ, ಡಾ ನಾಂಗ್, ನ್ಯಾ ಚಾಂಗ್ ಸಿಗುತ್ತವೆ. ಒಂದೊಂದು ಊರಲ್ಲೂ ಎರಡು ದಿನ ಇಳಿದು ನೋಡುತ್ತಾ ದಕ್ಷಿಣಕ್ಕೆ ಸರಿಯುವುದು ಸುಖದ ಪ್ರವಾಸ. ತೊಡಕು ಬರುವುದು ಕೊನೆಯಲ್ಲಿ. ಬೆಂಗಳೂರಿನಿಂದ ಹನೋಯ್‌ಗೆ ಹೋಗಿಬರುವ ಟಿಕೆಟ್ ತೆಗೆದವರು ಸೈಗಾನ್ ತಲುಪಿದ ಮೇಲೆ ಮತ್ತೆ ಹನೋಯ್‌ಗೆ ಹೋಗಲೇಬೇಕು. ರೈಲಾದರೆ ಒಂದೂವರೆ ದಿನ. ವಿಮಾನವಾದರೆ ಎರಡು ಗಂಟೆಯ ಹಾರಾಟ, ಜೊತೆಗೆ ಅದರ ಟಿಕೆಟ್ಟು, ಲಗೇಜಿನ ದುಡ್ಡು, ಅರ್ಧ ದಿನ.

ಹನೋಯ್‌ನಲ್ಲಿ ಇಳಿದು ಸೈಗಾನಿನಿಂದ ಊರಿಗೆ ಹತ್ತುವ ಒಂದೇ ಟಿಕೆಟ್ ಸಿಗುತ್ತದೆ. ಅದೇ ಓಪನ್ ಜಾ. ಹೆಚ್ಚಿನವರು ಅದನ್ನು ಕೇಳದೇ ಬಿಡುವುದು ದುಬಾರಿ ಇರಬಹುದೆಂಬ ಅಳುಕಿನಿಂದ. ಹಲವು ಸಲ ಆ ಅಳುಕಿಗೆ ಆಧಾರವಿಲ್ಲ, ಕೆಲವು ಸಲ ಇದೆ. ಯಾವಾಗ ಇದೆ, ಯಾವಾಗ ಇಲ್ಲ ಎಂದು ತಿಳಿಯಬೇಕಾದರೆ ವಿಮಾನದ ದರ ಕಟ್ಟುವ ಪದ್ಧತಿ ಬೆಳೆದು ಬಂದ ದಾರಿಯನ್ನು ನೋಡಬೇಕು.

ವಿಮಾನಯಾನ ಕಂಪನಿಗಳ ಒಕ್ಕೂಟ ಐಯಾಟಾ 1945ರಲ್ಲಿ ಹವಾನಾದಲ್ಲಿ ಹುಟ್ಟಿತು. ಅಂತರರಾಷ್ಟ್ರೀಯ ದರಗಳನ್ನು ಕಂಪನಿಗಳು ಅದರ ಸಭೆಗಳಲ್ಲಿ ಕೂತು ಗೊತ್ತುಮಾಡುತ್ತಿದ್ದವು, ಸರ್ಕಾರಗಳು ಒಪ್ಪಿಗೆ ಕೊಡುತ್ತಿದ್ದವು. ಈ ಏರ್ಪಾಟಿನಿಂದ ಬೆಳೆದು ಬಂದದ್ದು ಮೈಲಿ ಲೆಕ್ಕ. ಎರಡು ಊರುಗಳ ನಡುವಿನ ಪೂರ್ಣ ದರದ ಟಿಕೆಟ್ ಕೊಂಡವರಿಗೆ ಇಷ್ಟು ಮೈಲಿಯವರೆಗೆ ಸುತ್ತಾಡಬಹುದೆಂಬ ಮಿತಿ ಇರುತ್ತಿತ್ತು. ಅದು ಸಾಮಾನ್ಯವಾಗಿ ನೇರ ದೂರಕ್ಕಿಂತ ಶೇ. 20ರಷ್ಟು ಹೆಚ್ಚು. ಅದನ್ನೂ ಮೀರಿದರೆ ದರದ ಮೇಲೆ ಶೇ. 5, 10 ಎಂದು ಏರುತ್ತಾ ಶೇ. 25ರವರೆಗೆ ಹೆಚ್ಚುವರಿ ಸೇರಿಸುತ್ತಿದ್ದರು. ಆ ಮಿತಿಯೊಳಗೆ ದಾರಿಯ ಊರುಗಳಲ್ಲಿ ಇಳಿದು, ದಿನಗಟ್ಟಲೆ ಉಳಿದು, ಮುಂದಿನ ವಿಮಾನ ಹಿಡಿಯಬಹುದಿತ್ತು. ಏರ್ ಇಂಡಿಯಾ 1948ರ ಜೂನ್‌ನಲ್ಲಿ ಮುಂಬಯಿಯಿಂದ ಹಾರಿಸಿದ ಮೊದಲ ಲಂಡನ್ ವಿಮಾನ ಕೈರೋ, ಜಿನೀವಾ ಮೂಲಕ ಹೋಗಿತ್ತು. ಮುಂದಿನ ದಶಕಗಳಲ್ಲಿ ಹೀಗೆ ನಡುವಿನ ಊರುಗಳನ್ನು ನೋಡಿಕೊಂಡು ಲಂಡನ್ ಸೇರುವುದು ದುಡ್ಡಿದ್ದವರಿಗೆ ಹೊಸದೇನೂ ಆಗಿರಲಿಲ್ಲ. ದುಡ್ಡಿದ್ದವರಿಗೆ ಎನ್ನುವುದನ್ನು ಮರೆಯಬಾರದು. ಆ ದರ ಮಧ್ಯಮ ವರ್ಗದ ಕೈಗೆ ಎಟುಕುವಂಥದ್ದಲ್ಲ.

ಕಾಗದದ ಟಿಕೆಟ್ ಪುಸ್ತಕದಲ್ಲಿ ಒಂದೊಂದು ಹಾರಾಟಕ್ಕೆ ಒಂದೊಂದು ಕೂಪನ್. ಪ್ರಯಾಣಿಕ ರೈಲಿನಲ್ಲೋ ಹಡಗಿನಲ್ಲೋ ಹೋಗುವ ತುಂಡಿಗೆ ಏಜೆಂಟ್ ಆ ಜಾಗದ ಕೂಪನ್ನನ್ನು ರದ್ದೆಂದು ಗುರುತಿಸುತ್ತಿದ್ದ. ಕಾಗದ 2008ಕ್ಕೆ ಹೋಯಿತು, ಆ ತುಂಡು ಹೋಗಲಿಲ್ಲ. ಇವತ್ತಿಗೂ ಏಜೆಂಟರ ಪರದೆಯಲ್ಲಿ ನೆಲದ ತುಂಡಿನ ಜಾಗದಲ್ಲಿ ARNK ಎಂದು ಕಾಣುತ್ತದೆ. ಪ್ರಯಾಣಿಕ ಇಲ್ಲಿ ಹೇಗಾದರೂ ಹೋಗಿಕೊಳ್ಳಲಿ, ನಮಗೆ ಸಂಬಂಧವಿಲ್ಲ ಎಂದು ಇದರ ತಾತ್ಪರ್ಯ.

ಓಪನ್ ಜಾ ನಿಜಕ್ಕೂ ಬೆಲೆ ಪಡೆದದ್ದು ರಿಯಾಯಿತಿ ದರಗಳು ಬಂದ ಮೇಲೆ. ಅಮೆರಿಕನ್ ಏರ್‌ಲೈನ್ಸ್ 1977ರಲ್ಲಿ ‘ಸೂಪರ್ ಸೇವರ್’ ತಂದಿತು. ಮರುವರ್ಷ ಅಮೆರಿಕದಲ್ಲಿ ದರ ನಿಯಂತ್ರಣವೇ ಹೋಯಿತು. ಅಗ್ಗದ ದರ ಬೇಕೆಂದರೆ ಮುಂಚಿತವಾಗಿ ಕೊಳ್ಳಬೇಕು, ಇಂತಿಷ್ಟು ದಿನ ಅಲ್ಲಿ ಉಳಿಯಬೇಕು, ಹೋಗಿಬರುವ ಟಿಕೆಟನ್ನೇ ಕೊಳ್ಳಬೇಕು. ಕಚೇರಿ ಕೆಲಸದ ಮೇಲೆ ಇವತ್ತು ಹೋಗಿ ನಾಳೆ ಬರುವವನಿಗೆ ಈ ದರ ಸಿಗಬಾರದೆಂಬುದೇ ಇದರ ಉದ್ದೇಶ. ಇದರಿಂದ ವಿಚಿತ್ರವೊಂದು ಹುಟ್ಟಿತು: ಎಷ್ಟೋ ಮಾರ್ಗಗಳಲ್ಲಿ ಒಂದು ಕಡೆಯ ಟಿಕೆಟ್ ಹೋಗಿಬರುವ ಟಿಕೆಟ್ಟಿಗಿಂತಲೂ ದುಬಾರಿಯಾಯಿತು. ಹನೋಯ್‌ಗೆ ಒಂದು, ಸೈಗಾನಿನಿಂದ ಒಂದು ಎಂದು ಬಿಡಿಬಿಡಿಯಾಗಿ ಕೊಂಡರೆ ದಂಡ ಕಟ್ಟಿದಂತೆಯೇ.

ಇಲ್ಲಿ ಕೈಹಿಡಿದದ್ದು ಒಂದು ಸರಳ ನಿಯಮ. ಹೋಗಿಬರುವ ದರವನ್ನು ಎರಡು ಅರ್ಧಗಳೆಂದು ಎಣಿಸಿ, ಬೇರೆಬೇರೆ ಊರಿನ ಅರ್ಧಗಳನ್ನು ಕೂಡಿಸಬಹುದು. ಮೂಲ ಷರತ್ತಿನ ಪ್ರಕಾರ ಅಂತರರಾಷ್ಟ್ರೀಯ ದರದ ತುಂಡುಗಳು ಎರಡೇ ಇರಬೇಕು, ನಡುವಿನ ಬಿಟ್ಟ ಜಾಗ ಒಂದೇ ದೇಶದೊಳಗಿರಬೇಕು. ಆಮೇಲೆ ಕಂಪನಿಗಳು ತಮ್ಮ ತಮ್ಮ ನಿಯಮಗಳಲ್ಲಿ ಇದನ್ನು ಸಡಿಲಿಸಿದವು, ಬಿಗಿ ಮಾಡಿದವು. ಇಡೀ ಯುರೋಪನ್ನು ಒಂದೇ ಪ್ರದೇಶವೆಂದು ಎಣಿಸುವ ದರಗಳಿವೆ. ಬಿಟ್ಟ ಜಾಗ ಹಾರಿದ ದೂರಕ್ಕಿಂತ ಕಡಿಮೆಯಿರಬೇಕೆಂದು ಕೇಳುವ ದರಗಳೂ ಇವೆ.

ನಮ್ಮ ಪ್ರವಾಸಕ್ಕೇ ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗಷ್ಟೇ. ಒಂದೇ ಕಂಪನಿಯಲ್ಲಿ ಸಿಂಗಪುರದ ಮೇಲೆ ಬೆಂಗಳೂರು–ಹನೋಯ್ ಹೋಗಿಬರಲು ಮೂಲ ದರ 30,000 ರೂಪಾಯಿ, ಬೆಂಗಳೂರು–ಸೈಗಾನ್ ಹೋಗಿಬರಲು 26,000 ಎಂದಿರಲಿ. ಹನೋಯ್‌ನ ಅರ್ಧ 15,000, ಸೈಗಾನಿನ ಅರ್ಧ 13,000, ಒಟ್ಟು 28,000. ಹನೋಯ್ ರಿಟರ್ನಿಗಿಂತ ಎರಡು ಸಾವಿರ ಕಡಿಮೆಯೇ ಆಯಿತು. ಸೈಗಾನ್–ಹನೋಯ್ ವಾಪಸು ಪ್ರಯಾಣದ ಖರ್ಚು ಬೇರೆ ಉಳಿಯಿತು. ವಿಮಾನ ನಿಲ್ದಾಣದ ತೆರಿಗೆಗಳು ಇದರ ಮೇಲೆ ಬರುತ್ತವೆ, ಅವು ಹೊರಡುವ ನಿಲ್ದಾಣಕ್ಕೆ ತಕ್ಕಂತೆ ಸ್ವಲ್ಪ ಬದಲಾಗುತ್ತವೆ. ಏಜೆಂಟರ ಪರದೆಯಲ್ಲಿ ಈ ದರದ ಸಾಲು ಹೀಗಿರುತ್ತದೆ:

```
BLR SQ X/SIN SQ HAN180.00/-SGN SQ X/SIN SQ BLR156.00NUC336.00END
```

X ಎಂದರೆ ಅಲ್ಲಿ ವಿಮಾನ ಬದಲಿಸುವುದಷ್ಟೇ, ತಂಗುವುದಿಲ್ಲ. HAN ಮತ್ತು SGN ನಡುವಿನ ಓರೆಗೆರೆ-ಅಡ್ಡಗೆರೆಯೇ ನೀವು ರೈಲಿನಲ್ಲಿ ಹೋಗುವ ಜಾಗ, ಅದಕ್ಕೆ ದರವಿಲ್ಲ. NUC ಎಂಬುದು ಡಾಲರಿಗೆ ಸಮಾನವಾಗಿ ಇಟ್ಟುಕೊಂಡ ಲೆಕ್ಕದ ಮಾನ. ಎರಡೇ ಮೊತ್ತಗಳು ಕಾಣುತ್ತಿವೆ, ಎರಡೂ ಅರ್ಧದರಗಳು ಎಂದರೆ ಟಿಕೆಟ್ ಸರಿಯಾಗಿ ಕಟ್ಟಲ್ಪಟ್ಟಿದೆ.

ಈ ಸಾಲು ನೋಡಲು ಸಿಗದವರಿಗೆ ಬೇರೊಂದು ಪರೀಕ್ಷೆಯಿದೆ. ಅದೇ ದಿನಾಂಕಗಳಿಗೆ ಎರಡು ರಿಟರ್ನ್ ಟಿಕೆಟ್ಟುಗಳ ಬೆಲೆ ನೋಡಿ, ಕೂಡಿಸಿ, ಎರಡರಿಂದ ಭಾಗಿಸಿ. ಓಪನ್ ಜಾ ಬೆಲೆ ಅದರ ಆಸುಪಾಸಿನಲ್ಲಿದ್ದರೆ ಕೊಳ್ಳಿ. ಒಂದೂವರೆ ಪಟ್ಟು, ಎರಡು ಪಟ್ಟು ತೋರಿಸಿದರೆ ಎಲ್ಲೋ ಕೊಂಡಿ ತಪ್ಪಿದೆ. ಹೋಗುವಾಗ ಒಂದು ಕಂಪನಿ, ಬರುವಾಗ ಇನ್ನೊಂದು ಎಂದಾಗಿ ಅವುಗಳ ದರಗಳು ಕೂಡದೇ ಎರಡು ಒಂದು-ಕಡೆಯ ದರ ಬಿದ್ದಿರಬಹುದು. ಅಥವಾ ಸೈಗಾನಿನಿಂದ ಹೊರಡುವ ಆ ದಿನದ ವಿಮಾನದಲ್ಲಿ ಅಗ್ಗದ ಬುಕಿಂಗ್ ಕ್ಲಾಸ್ ಮುಗಿದಿರಬಹುದು. ಹಾಗಿದ್ದರೆ ಒಂದೆರಡು ದಿನ ಆಚೀಚೆ ಮಾಡಿ ನೋಡಿದರೆ ಬೆಲೆ ಇಳಿಯುತ್ತದೆ. ದಿನ ಬದಲಿಸಿದರೂ ಇಳಿಯದಿದ್ದರೆ ತೊಂದರೆ ದರದ ನಿಯಮದಲ್ಲೇ ಇದೆ.

ಈ ಹುಡುಕಾಟ ಹಿಂದೆ ಏಜೆಂಟರ ವಿದ್ಯೆಯಾಗಿತ್ತು. ಅದನ್ನು ಜನರ ಕೈಗೆ ತರುವಲ್ಲಿ ಮುಖ್ಯ ಪಾತ್ರ ವಹಿಸಿದ್ದು 1996ರಲ್ಲಿ ಎಂಐಟಿಯ ಕಂಪ್ಯೂಟರ್ ವಿಜ್ಞಾನಿಗಳು ಕಟ್ಟಿದ ಐಟಿಎ ಸಾಫ್ಟ್‌ವೇರ್. ಅದನ್ನು 2011ರಲ್ಲಿ ಗೂಗಲ್ ಕೊಂಡುಕೊಂಡಿತು. ಅದರ ಸ್ಥಾಪಕರಲ್ಲೊಬ್ಬರಾದ ಕಾರ್ಲ್ ಡಿ ಮಾರ್ಕೆನ್, ದರದ ನಿಯಮಗಳನ್ನು ಪೂರ್ತಿ ಸಡಿಲವಾಗಿ ಬಿಟ್ಟರೆ ಅತಿ ಅಗ್ಗದ ಟಿಕೆಟ್ ಯಾವುದೆಂದು ಯಾವ ಕಂಪ್ಯೂಟರೂ ಖಚಿತವಾಗಿ ಹೇಳಲಾರದು ಎಂದು ತೋರಿಸಿದರು. ಆದ್ದರಿಂದ ಪರದೆಯ ಮೇಲೆ ಕಾಣುವ ‘ಕನಿಷ್ಠ ದರ’ ಹುಡುಕಿದಷ್ಟರಲ್ಲಿ ಸಿಕ್ಕ ಕನಿಷ್ಠ.

ಇದೇ ಕಾರಣಕ್ಕೆ ಮಲ್ಟಿ-ಸಿಟಿ ಪೆಟ್ಟಿಗೆಯಲ್ಲಿ ಏನು ತುಂಬುತ್ತೇವೆ ಎಂಬುದು ಮುಖ್ಯ. ವಿಯೆಟ್ನಾಂ ಪ್ರವಾಸಕ್ಕೆ ಎರಡೇ ಸಾಲು ಸಾಕು: ಬೆಂಗಳೂರಿನಿಂದ ಹನೋಯ್, ಸೈಗಾನಿನಿಂದ ಬೆಂಗಳೂರು. ನಡುವೆ ಹನೋಯ್–ಡಾ ನಾಂಗ್, ಡಾ ನಾಂಗ್–ಸೈಗಾನ್ ಎಂದು ಸೇರಿಸಿದರೆ ಪ್ರತಿ ಸಾಲೂ ಹೊಸ ನಿಯಮವನ್ನು ತಂದು ಕೂರಿಸುತ್ತದೆ, ಅರ್ಧದರದ ಜೋಡಿ ಮುರಿದುಹೋಗುವ ಸಾಧ್ಯತೆ ಹೆಚ್ಚುತ್ತದೆ.

ಇಷ್ಟರಲ್ಲಿ ಅಗ್ಗದ ವಿಮಾನಗಳು ಬಂದು ಲೆಕ್ಕವನ್ನೇ ಬದಲಿಸಿದ್ದವು. ಬೆಂಗಳೂರಿನಲ್ಲಿ 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಶುರುಮಾಡಿದ ಏರ್ ಡೆಕ್ಕನ್ ಸೇರಿ ಈ ಬಗೆಯ ಕಂಪನಿಗಳು ಒಂದೊಂದು ಹಾರಾಟವನ್ನೂ ಬಿಡಿಯಾಗಿ ಮಾರಿದವು. ಇಂಥ ಕಂಪನಿಗಳಿರುವ ಮಾರ್ಗಗಳಲ್ಲಿ ಎರಡು ಬಿಡಿ ಟಿಕೆಟ್ ಕೊಂಡರೂ ಓಪನ್ ಜಾ ಆದಂತೆಯೇ. ನೇರ ವಿಮಾನವಿದ್ದರೆ ನಾನಂತೂ ಅದನ್ನೇ ಆರಿಸುತ್ತೇನೆ. ಆದರೆ ನಡುವೆ ವಿಮಾನ ಬದಲಿಸಬೇಕಾಗಿದ್ದು, ಅದೂ ಬೇರೆ ಟಿಕೆಟ್ಟಿನಲ್ಲಿದ್ದರೆ ಎಚ್ಚರ ಬೇಕು. ಮೊದಲನೆಯದು ತಡವಾದರೆ ಎರಡನೆಯ ಕಂಪನಿಗೆ ನಿಮ್ಮ ಹೊಣೆಯಿಲ್ಲ.

ಒಂದೇ ಟಿಕೆಟ್ಟಿಗೂ ತನ್ನದೇ ಬಿಗಿಯಿದೆ. ಕೂಪನ್‌ಗಳನ್ನು ಬರೆದ ಕ್ರಮದಲ್ಲೇ ಬಳಸಬೇಕೆಂಬ ಕಾಗದದ ಕಾಲದ ನಿಯಮ ಈಗಲೂ ಜೀವಂತ. ಹನೋಯ್ ವಿಮಾನಕ್ಕೆ ಹೋಗದೇ ಬಿಟ್ಟರೆ ಸೈಗಾನಿನ ವಾಪಸು ಟಿಕೆಟ್ ತಾನಾಗಿ ರದ್ದಾಗುತ್ತದೆ. ಜರ್ಮನಿಯ ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಇಂಥ ಷರತ್ತನ್ನು ಪ್ರಶ್ನಿಸಿ ಪ್ರಯಾಣಿಕರ ಪರ ತೀರ್ಪು ಕೊಟ್ಟಿತು, ಆದರೆ ನಮ್ಮಲ್ಲಿಂದ ಹೊರಡುವವರು ಅದನ್ನು ನೆಚ್ಚಿಕೊಳ್ಳುವಂತಿಲ್ಲ. ನೆಲದ ತುಂಡಿನಲ್ಲಿ ಆಗುವ ವಿಳಂಬವೂ ನಿಮ್ಮದೇ. ಮಧ್ಯ ವಿಯೆಟ್ನಾಂನಲ್ಲಿ ಅಕ್ಟೋಬರ್–ನವೆಂಬರ್ ಚಂಡಮಾರುತ, ನೆರೆಯ ಕಾಲ. ಹ್ಯುಯೆ ಸುತ್ತಮುತ್ತ ರೈಲು ನಿಂತುಹೋಗುವುದುಂಟು. ವಿಮಾನದ ಹಿಂದಿನ ಎರಡು ರಾತ್ರಿ ಸೈಗಾನಿನಲ್ಲೇ ಇರುವಂತೆ ನೋಡಿಕೊಳ್ಳುವುದು ಕ್ಷೇಮ. ಇನ್ನೊಂದು ಸಣ್ಣ ಸಂಗತಿ: ವಿಯೆಟ್ನಾಂ ಇ-ವೀಸಾ ಅರ್ಜಿ ಒಳಹೋಗುವ ಮತ್ತು ಹೊರಬರುವ ನಿಲ್ದಾಣ ಎರಡನ್ನೂ ಕೇಳುತ್ತದೆ. ಅಭ್ಯಾಸಬಲದಿಂದ ಎರಡೂ ಕಡೆ ಹನೋಯ್‌ನ ನೋಯ್ ಬಾಯ್ ಎಂದು ತುಂಬಬೇಡಿ. ಎರಡನೆಯದು ಸೈಗಾನಿನ ತಾನ್ ಸನ್ ನ್ಯಾತ್.

ಕನ್ನಡಿಗರ ಮನೆಗಳಲ್ಲಿ ಈ ಟಿಕೆಟ್ ಹೆಚ್ಚು ಒದಗುವುದು ಪ್ರವಾಸಕ್ಕಲ್ಲ, ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡುವುದಕ್ಕೋ ಅಮೆರಿಕಕ್ಕೆ ಹೋಗುವ ಅಪ್ಪ-ಅಮ್ಮಂದಿರಿಗೆ. ಮಗಳು ಸ್ಯಾನ್ ಫ್ರಾನ್ಸಿಸ್ಕೋ ಬಳಿ, ಮಗ ನ್ಯೂಜೆರ್ಸಿಯಲ್ಲಿ. ಇಲ್ಲಿ ಲೆಕ್ಕ ತಿರುವುಮುರುವು. ನಡುವಿನ ನಾಲ್ಕು ಸಾವಿರ ಕಿಲೋಮೀಟರನ್ನು ರೈಲಿನಲ್ಲಿ ಯಾರೂ ಹೋಗುವುದಿಲ್ಲ, ವಿಮಾನವೇ ಬೇಕು. ಅದನ್ನು ಬೇರೆಯಾಗಿ ಕೊಂಡರೆ ಅಮೆರಿಕದ ಒಳಮಾರ್ಗದಲ್ಲಿ ಹೆಚ್ಚಿನ ಕಂಪನಿಗಳು ಒಂದೊಂದು ಪೆಟ್ಟಿಗೆಗೂ ದುಡ್ಡು ಕೀಳುತ್ತವೆ. ಉಪ್ಪಿನಕಾಯಿ, ಚಟ್ನಿಪುಡಿ ತುಂಬಿದ 23 ಕೆ.ಜಿ.ಯ ನಾಲ್ಕು ಪೆಟ್ಟಿಗೆಗಳಿಗೆ ಅದು ಸಣ್ಣ ಮೊತ್ತವಲ್ಲ. ಅದೇ ಮೂರು ಸಾಲಿನ ಮಲ್ಟಿ-ಸಿಟಿ ಟಿಕೆಟ್ ಒಂದನ್ನೇ ತೆಗೆದರೆ, ಪ್ರಯಾಣದ ಮೊದಲಿಗೆ ಅನ್ವಯಿಸಿದ ಲಗೇಜ್ ನಿಯಮವೇ ಕೊನೆಯವರೆಗೆ ಅನ್ವಯಿಸಬೇಕೆಂಬುದು ಅಮೆರಿಕದ ಸಾರಿಗೆ ಇಲಾಖೆಯ ನಿಯಮ. ನಡುವೆ ಎರಡು ತಿಂಗಳು ಮಗಳ ಮನೆಯಲ್ಲಿ ಉಳಿದರೂ ಅದು ಬದಲಾಗದು. ಹಾಗಾಗಿ ಮೂರು ಸಾಲಿನ ಬೆಲೆಯನ್ನು, ಎರಡು ಸಾಲಿನ ಓಪನ್ ಜಾ ಬೆಲೆಗೆ ಒಳಮಾರ್ಗದ ಟಿಕೆಟ್ಟನ್ನೂ ಪೆಟ್ಟಿಗೆಗಳ ಶುಲ್ಕವನ್ನೂ ಕೂಡಿಸಿ ಹೋಲಿಸಬೇಕು. ಮೂರು ಸಾಲಿನದು ಮೊದಲ ನೋಟಕ್ಕೆ ದುಬಾರಿಯೆನಿಸಿದರೂ ಪೆಟ್ಟಿಗೆಗಳ ದುಡ್ಡು ಸೇರಿಸಿದ ಮೇಲೆ ಎಷ್ಟೋ ಸಲ ಅದೇ ಅಗ್ಗವೆಂದು ತಿಳಿಯುತ್ತದೆ. ಕೊಳ್ಳುವ ಮೊದಲು ಮೂರೂ ಹಾರಾಟಗಳು ಒಂದೇ ಟಿಕೆಟ್ ಸಂಖ್ಯೆಯಡಿ ಬರುತ್ತವೆಯೇ ಎಂದು ಕೇಳಿಕೊಳ್ಳಿ. ಒಂದೇ ಬುಕಿಂಗ್‌ನಲ್ಲಿ ಎರಡು ಟಿಕೆಟ್ ಕೊಡುವ ಜಾಲತಾಣಗಳಿವೆ, ಅಂಥಲ್ಲಿ ಈ ನಿಯಮ ನೆರವಿಗೆ ಬರುವುದಿಲ್ಲ.